ಸಚಿವರ ಫೋನು, ಗುತ್ತಿಗೆದಾರನ ಕಡತ: ಒಂದು ಪ್ರಕರಣಕ್ಕೆ ಉತ್ತರ ಬರೆಯುವ ಬಗೆ

(ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ನೀತಿಶಾಸ್ತ್ರದ ಪತ್ರಿಕೆ ಬಂದದ್ದು 2013ರಲ್ಲಿ. ಒಟ್ಟು 250 ಅಂಕ, ಮೂರು ಗಂಟೆ. ಅದರಲ್ಲಿ ಪ್ರಕರಣಗಳ ಭಾಗಕ್ಕೆ 120 ಅಂಕ: ಆರು ಪ್ರಕರಣ, ತಲಾ 20. ಕಾಲವನ್ನು ಅಂಕಕ್ಕೆ ಹಂಚಿದರೆ ಒಂದು ಪ್ರಕರಣಕ್ಕೆ ಸಿಗುವುದು 14 ನಿಮಿಷ ಚಿಲ್ಲರೆ. ಪ್ರಶ್ನೆ ಓದುವುದಕ್ಕೇ ಮೂರು ನಿಮಿಷ ಹೋಗುತ್ತದೆ. ಉಳಿದ ಹನ್ನೊಂದರಲ್ಲಿ ಸುಮಾರು 250 ಪದ ಬರೆಯಬೇಕು. ಹಾಗಾಗಿ ಪ್ರಾಮಾಣಿಕತೆ, ವಸ್ತುನಿಷ್ಠತೆ, ಪಾರದರ್ಶಕತೆ ಎಂದು ಮೌಲ್ಯಗಳ ಪಟ್ಟಿ ಕೊಟ್ಟು ಅರ್ಧ ಪುಟ ತುಂಬಿಸಿದವರಿಗೆ ಅಧಿಕಾರಿ ಮಾಡಬೇಕಾದ ಕೆಲಸವನ್ನು ಬರೆಯಲು ಜಾಗವೇ ಉಳಿಯುವುದಿಲ್ಲ.

ಸಚಿವರು ತಮಗೆ ಬೇಕಾದ ಗುತ್ತಿಗೆದಾರನ ಪರವಾಗಿ ಒತ್ತಡ ಹಾಕುವ ಪ್ರಕರಣದಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. "ಒತ್ತಡಕ್ಕೆ ಮಣಿಯಬಾರದು" ಎಂಬ ಉತ್ತರ ಎಲ್ಲರಿಗೂ ಗೊತ್ತು. ಮಣಿಯದೆ ಇರಲು ಸೋಮವಾರ ಬೆಳಿಗ್ಗೆ ಕಡತದಲ್ಲಿ ಏನು ಬರೆಯಬೇಕು, ಯಾರಿಗೆ ಕಳಿಸಬೇಕು, ಯಾವ ಕೆಲಸವನ್ನು ಮಾಡಲೇಬಾರದು ಎಂಬುದು ಗೊತ್ತಿರುವವರು ಕಡಿಮೆ. ಆದ್ದರಿಂದ ಇವತ್ತು ಒಂದೇ ಪ್ರಕರಣವನ್ನು ಹಿಡಿದು ಕಡೆಯವರೆಗೂ ಬಿಡಿಸೋಣ. ಪ್ರಕರಣ ಕಲ್ಪಿತ. ಹಿನ್ನೆಲೆಯ ಕಾನೂನು ಮಾತ್ರ ಕರ್ನಾಟಕದ್ದು: ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಇಲಾಖೆಗಳಲ್ಲಿ ಅದನ್ನು ಕೆಟಿಪಿಪಿ ಎಂದೇ ಕರೆಯುತ್ತಾರೆ.

ಪ್ರಕರಣ

ನೀವು ಒಂದು ಇಲಾಖೆಯ ಆಯುಕ್ತರು. ಬರಪೀಡಿತ ತಾಲ್ಲೂಕೊಂದರ 42 ಹಳ್ಳಿಗಳಿಗೆ ಬಹುಗ್ರಾಮ ಕುಡಿಯುವ ನೀರಿನ ಯೋಜನೆ, ಅಂದಾಜು 18 ಕೋಟಿ ರೂಪಾಯಿ, ಕಾಮಗಾರಿಯ ಅವಧಿ 18 ತಿಂಗಳು. ಟೆಂಡರ್ ಅಂಗೀಕರಿಸುವ ಪ್ರಾಧಿಕಾರಿ ನೀವೇ. ಎರಡು ಲಕೋಟೆ ಪದ್ಧತಿಯ ಟೆಂಡರ್‌ಗೆ ನಾಲ್ವರು ಬಿಡ್ ಹಾಕಿದ್ದಾರೆ. ತಾಂತ್ರಿಕ ಬಿಡ್‌ಗಳ ಪರಿಶೀಲನೆ ಮುಗಿದಿದೆ, ಆರ್ಥಿಕ ಬಿಡ್‌ಗಳನ್ನು ಇನ್ನೂ ತೆರೆದಿಲ್ಲ. ಇಬ್ಬರು ಅರ್ಹರು, ಇಬ್ಬರು ಅನರ್ಹರು. ಅನರ್ಹರಾದವರಲ್ಲಿ ಒಬ್ಬರು ಸಚಿವರ ಕ್ಷೇತ್ರದ ಗುತ್ತಿಗೆದಾರ.

ಆತ ಬಿದ್ದದ್ದು ಎರಡು ಕಡೆ. ಒಂದು, ಕಳೆದ ಐದು ವರ್ಷದಲ್ಲಿ ಇದೇ ಬಗೆಯ, ಕನಿಷ್ಠ 9 ಕೋಟಿಯ ಒಂದು ಕಾಮಗಾರಿಯನ್ನು ಮುಖ್ಯ ಗುತ್ತಿಗೆದಾರನಾಗಿ ಮುಗಿಸಿರಬೇಕು ಎಂದು ಟೆಂಡರ್ ಹೇಳುತ್ತದೆ. ಆತ ಕೊಟ್ಟ 10.4 ಕೋಟಿಯ ಪ್ರಮಾಣಪತ್ರ ಇರುವುದು ಬೇರೊಂದು ಸಂಸ್ಥೆಯ ಹೆಸರಿನಲ್ಲಿ. ಈತ ಅದರಲ್ಲಿ ಉಪಗುತ್ತಿಗೆದಾರ. ಎರಡು, ಬಿಡ್ ಸಾಮರ್ಥ್ಯ, ಅಂದರೆ ಕೈಯಲ್ಲಿರುವ ಕೆಲಸಗಳ ಜೊತೆಗೆ ಇನ್ನೆಷ್ಟು ಮೊತ್ತದ ಕೆಲಸ ಹಿಡಿಯಬಲ್ಲ ಎಂಬ ಲೆಕ್ಕ. ಅದರಲ್ಲೂ ಆತ ಸಾಲದು.

ಸಚಿವರು ಫೋನ್ ಮಾಡಿ ಹೇಳಿದ್ದು ಇಷ್ಟು: "ಕೆಲಸ ಗೊತ್ತಿರೋ ಹುಡುಗ, ನಮ್ಮ ಕಡೆಯವನು. ಹೊರಗಿನವರಿಗೆ ಕೊಟ್ರೆ ಅರ್ಧಕ್ಕೆ ಬಿಟ್ಟು ಹೋಗ್ತಾರೆ. ಬೇಸಿಗೆ ಬಂತು, ಜನ ನೀರಿಲ್ಲದೆ ಸಾಯ್ತಿದ್ದಾರೆ. ಅವನ ರೇಟು ಎಲ್ಲರಿಗಿಂತ ಕಡಿಮೆ ಇದೆ. ಏನೋ ಒಂದು ಕಾಗದ ಸರಿ ಇಲ್ಲ ಅಂತ ಕೂತ್ಕೋಬೇಡಿ, ಇನ್ನೊಂದ್ಸಲ ನೋಡಿ. ಆಗಲ್ಲ ಅಂದ್ರೆ ರೀಟೆಂಡರ್ ಮಾಡಿ." ಸಂಜೆ ಆಪ್ತ ಕಾರ್ಯದರ್ಶಿ ಕರೆ ಮಾಡಿ, ಮುಂದಿನ ವಾರ ವರ್ಗಾವಣೆ ಪಟ್ಟಿ ಹೊರಡಲಿದೆ ಎಂಬ ಸುದ್ದಿಯನ್ನು ಮಾತಿನ ನಡುವೆ ಸೇರಿಸುತ್ತಾರೆ.

ಮೊದಲು ಮಾತನ್ನು ಬಿಡಿಬಿಡಿಯಾಗಿ ನೋಡಿ

ಸಚಿವರನ್ನು ಖಳನನ್ನಾಗಿಸಿ ಉತ್ತರ ಶುರು ಮಾಡುವವರು ಬಹಳ. ಅದು ಅಪಕ್ವತೆ. ಕಾಮಗಾರಿಯ ಪ್ರಗತಿ ಕೇಳುವುದು, ಯಾವ ತಾಲ್ಲೂಕಿಗೆ ಮೊದಲು ನೀರು ಎಂದು ಆದ್ಯತೆ ನಿಗದಿ ಮಾಡುವುದು, ಒಬ್ಬ ಗುತ್ತಿಗೆದಾರನ ಬಗ್ಗೆ ಬಂದ ದೂರನ್ನು ಅಧಿಕಾರಿಗೆ ದಾಟಿಸುವುದು ಇವೆಲ್ಲ ಸಚಿವರ ಹಕ್ಕು. ಚುನಾಯಿತ ಪ್ರತಿನಿಧಿಗೆ ಅದು ಕರ್ತವ್ಯ ಕೂಡ. ಹೀಗೆಯೇ ಆಗಬೇಕೆಂದು ಮೌಲ್ಯಮಾಪನದ ಫಲಿತಾಂಶವನ್ನು ಹೇಳುವುದು ಮಾತ್ರ ಅವರ ಹಕ್ಕಲ್ಲ, ಏಕೆಂದರೆ ಟೆಂಡರ್ ಅಂಗೀಕರಿಸುವ ಅಧಿಕಾರವನ್ನು ಕಾಯ್ದೆ ಗೊತ್ತುಪಡಿಸಿದ ಪ್ರಾಧಿಕಾರಿಗೆ ಕೊಟ್ಟಿದೆ. ಟೆಂಡರ್ ದಾಖಲೆಯಲ್ಲಿ ಮುಂಚೆಯೇ ಹೇಳಿದ ಅಂಶಗಳ ಮೇಲೆ ಅಳೆದು ಅತಿ ಕಡಿಮೆಯ ಬಿಡ್ ಯಾವುದೆಂದು ನಿರ್ಧರಿಸಬೇಕು ಎನ್ನುತ್ತದೆ ಕಾಯ್ದೆಯ 13ನೇ ಪ್ರಕರಣ.

ಹಾಗಾಗಿ ಸಚಿವರ ಮಾತಿನಲ್ಲಿ ನಾಲ್ಕು ಎಳೆಗಳಿವೆ, ನಾಲ್ಕಕ್ಕೂ ಬೇರೆ ಬೇರೆ ಉತ್ತರ.

"ಹೊರಗಿನವರು ಅರ್ಧಕ್ಕೆ ಬಿಟ್ಟು ಹೋಗ್ತಾರೆ" ಎಂಬುದು ಮಾಹಿತಿ. ಅದು ನಿಜವಾಗಿರಬಹುದು. ಅರ್ಹರಾದ ಇಬ್ಬರಲ್ಲಿ ಯಾರಾದರೂ ಬೇರೆ ವಿಭಾಗದಲ್ಲಿ ಕೆಲಸ ಕೈಬಿಟ್ಟು ಕಪ್ಪುಪಟ್ಟಿಗೆ ಸೇರಿದ್ದಾರೆಯೇ ಎಂದು ಆ ವಿಭಾಗದ ಕಾರ್ಯಪಾಲಕ ಇಂಜಿನಿಯರ್‌ಗೆ ಪತ್ರ ಬರೆದು ಕೇಳಿ. ಎಲ್ಲ ಬಿಡ್‌ದಾರರ ಬಗ್ಗೆಯೂ ಕೇಳಿ, ಒಬ್ಬರ ಬಗ್ಗೆ ಮಾತ್ರ ಕೇಳಿದರೆ ಅದೇ ಪಕ್ಷಪಾತವಾಗುತ್ತದೆ. ಸಚಿವರ ಮಾತಿನಲ್ಲಿ ಸತ್ಯಾಂಶವಿದ್ದರೆ ಅದಕ್ಕೆ ಬೆಲೆ ಕೊಟ್ಟಿದ್ದೇನೆ ಎಂದು ಉತ್ತರದಲ್ಲಿ ತೋರಿಸುವ ಜಾಗ ಇದು.

"ಬೇಸಿಗೆ ಬಂತು" ಎಂಬುದು ವಾದ. ಪ್ರಶ್ನೆಯಲ್ಲಿ ಕೊಟ್ಟ ಅಂಕಿಯನ್ನೇ ಹಿಡಿದು ನೋಡಿ. ಕಾಮಗಾರಿಯ ಅವಧಿ 18 ತಿಂಗಳು. ಇವತ್ತೇ ಕಾರ್ಯಾದೇಶ ಕೊಟ್ಟರೂ, ಯಾರಿಗೆ ಕೊಟ್ಟರೂ, ಈ ಬೇಸಿಗೆಯಲ್ಲಿ ಆ ಕೊಳವೆಯಿಂದ ಒಂದು ಕೊಡ ನೀರೂ ಬರುವುದಿಲ್ಲ. ಈ ಬೇಸಿಗೆಯ ಬಾಯಾರಿಕೆಗೆ ಟ್ಯಾಂಕರ್, ಬಾಡಿಗೆಗೆ ಪಡೆದ ಖಾಸಗಿ ಕೊಳವೆಬಾವಿ, ಕೆಟ್ಟ ಪಂಪ್‌ಗಳ ದುರಸ್ತಿ ಇವೇ ದಾರಿ, ಮತ್ತು ಅದು ಬೇರೆ ಕಡತ. ತುರ್ತನ್ನೂ ಗುತ್ತಿಗೆದಾರನ ಆಯ್ಕೆಯನ್ನೂ ಬೇರ್ಪಡಿಸಿದ ಮರುಕ್ಷಣ ಒತ್ತಡದ ಅರ್ಧ ಬಲ ಇಳಿದುಹೋಗುತ್ತದೆ. ಅಷ್ಟೇ ಅಲ್ಲ, ಜನರ ನೀರಿನ ಕಷ್ಟವನ್ನು ಅಧಿಕಾರಿ ಕಡೆಗಣಿಸಲಿಲ್ಲ ಎಂಬುದೂ ಕಾಣುತ್ತದೆ.

"ಅವನ ರೇಟು ಎಲ್ಲರಿಗಿಂತ ಕಡಿಮೆ ಇದೆ" ಎಂಬ ಮಾತಿನ ಹತ್ತಿರ ಬಹುತೇಕ ಅಭ್ಯರ್ಥಿಗಳು ನಿಲ್ಲುವುದೇ ಇಲ್ಲ. ಆರ್ಥಿಕ ಬಿಡ್‌ಗಳು ಇನ್ನೂ ತೆರೆದಿಲ್ಲ. ಗುತ್ತಿಗೆದಾರ ತನ್ನ ದರವನ್ನು ತಾನೇ ಯಾರಿಗಾದರೂ ಹೇಳಿಕೊಂಡಿರಬಹುದು. ಆದರೆ "ಎಲ್ಲರಿಗಿಂತ ಕಡಿಮೆ" ಎನ್ನಬೇಕಾದರೆ ಉಳಿದವರ ದರವೂ ಗೊತ್ತಿರಬೇಕು. ಹಾಗಾದರೆ ಇರುವುದು ಮೂರೇ ಸಾಧ್ಯತೆ: ಅದು ಬರೀ ಬಾಯಿಮಾತು, ಅಥವಾ ಕಚೇರಿಯಿಂದ ಮಾಹಿತಿ ಸೋರಿದೆ, ಅಥವಾ ಬಿಡ್‌ದಾರರು ಮೊದಲೇ ಒಳಗೊಳಗೆ ಮಾತಾಡಿಕೊಂಡಿದ್ದಾರೆ. ಮೂರನೆಯದಾದರೆ ಸ್ಪರ್ಧಾ ಅಧಿನಿಯಮ, 2002ರ 3ನೇ ಪ್ರಕರಣದ ವ್ಯಾಪ್ತಿಗೆ ಬರುವ ಬಿಡ್ ಹೊಂದಾಣಿಕೆ. ಆರೋಪ ಮಾಡಬೇಕಾಗಿಲ್ಲ. ಬಿಡ್‌ಗಳ ಗೋಪ್ಯತೆ ಉಳಿದಿದೆಯೇ ಎಂದು ಇ-ಸಂಗ್ರಹಣೆ ಪೋರ್ಟಲ್ ನೋಡಿಕೊಳ್ಳುವವರಿಂದ ಲಾಗಿನ್ ದಾಖಲೆ ತರಿಸಿಕೊಳ್ಳುವುದಾಗಿ ಒಂದು ಸಾಲು ಬರೆದರೆ ಸಾಕು.

ಇನ್ನು "ಏನೋ ಒಂದು ಕಾಗದ ಸರಿ ಇಲ್ಲ." ಇದು ಕಾಗದದ ಕೊರತೆಯೋ, ಅರ್ಹತೆಯ ಕೊರತೆಯೋ? ಬಿಡ್ ಸಲ್ಲಿಕೆಯ ದಿನಕ್ಕೆ ಮೊದಲೇ ಇದ್ದ ಪ್ರಮಾಣಪತ್ರದ ಒಂದು ಪುಟ ಅಪ್‌ಲೋಡ್ ಆಗದೆ ಹೋಗಿದ್ದರೆ, ಟೆಂಡರ್ ದಾಖಲೆ ಅವಕಾಶ ಕೊಟ್ಟಷ್ಟು ಮಟ್ಟಿಗೆ ಸ್ಪಷ್ಟೀಕರಣ ಕೇಳಬಹುದು, ಎಲ್ಲರಿಗೂ ಒಂದೇ ಗಡುವು ಕೊಟ್ಟು. ಆದರೆ ಮುಖ್ಯ ಗುತ್ತಿಗೆದಾರನಾಗಿ ಕೆಲಸ ಮಾಡದವನನ್ನು ಯಾವ ಸ್ಪಷ್ಟೀಕರಣವೂ ಮುಖ್ಯ ಗುತ್ತಿಗೆದಾರನನ್ನಾಗಿ ಮಾಡಲಾರದು.

ಬಿಡ್ ಸಾಮರ್ಥ್ಯದ ಲೆಕ್ಕ

ಎರಡನೆಯ ಕೊರತೆಯನ್ನು ಅಂಕಿಯಲ್ಲೇ ನೋಡಿಬಿಡೋಣ. ಈ ಟೆಂಡರ್ ದಾಖಲೆಯಲ್ಲಿ ಕೊಟ್ಟ ಸೂತ್ರ ಇದು ಎಂದಿಟ್ಟುಕೊಳ್ಳಿ:

A × N × 1.5 − B

A ಎಂದರೆ ಕಳೆದ ಐದು ವರ್ಷಗಳಲ್ಲಿ ಯಾವುದೋ ಒಂದು ವರ್ಷ ಆತ ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತ. N ಎಂದರೆ ಈ ಕಾಮಗಾರಿಯ ಅವಧಿ, ವರ್ಷಗಳಲ್ಲಿ. B ಎಂದರೆ ಅದೇ ಅವಧಿಯಲ್ಲಿ ಆತ ಮುಗಿಸಿಕೊಡಬೇಕಾದ, ಈಗಾಗಲೇ ಕೈಯಲ್ಲಿರುವ ಕೆಲಸಗಳ ಮೊತ್ತ.

ನಮ್ಮ ಗುತ್ತಿಗೆದಾರನ A 12 ಕೋಟಿ, N ಒಂದೂವರೆ ವರ್ಷ. ಮೂರನ್ನೂ ಗುಣಿಸಿದರೆ 27 ಕೋಟಿ. ಕೈಯಲ್ಲಿರುವ ಕೆಲಸ 6 ಕೋಟಿಯದು ಎಂದು ಆತ ಘೋಷಿಸಿದ್ದಾನೆ. ಹಾಗಾದರೆ ಸಾಮರ್ಥ್ಯ 21 ಕೋಟಿ, 18 ಕೋಟಿಯ ಕಾಮಗಾರಿಗೆ ಧಾರಾಳ. ಆದರೆ ಪರಿಶೀಲನೆಯಲ್ಲಿ ಬೇರೆ ಎರಡು ವಿಭಾಗಗಳಲ್ಲಿ ಆತನಿಗೆ ಕೊಟ್ಟ, ಇನ್ನೂ 10 ಕೋಟಿಯಷ್ಟು ಬಾಕಿಯಿರುವ ಕೆಲಸಗಳು ಸಿಕ್ಕಿವೆ. ಆಗ B 16 ಕೋಟಿ, ಸಾಮರ್ಥ್ಯ 11 ಕೋಟಿ. ಏಳು ಕೋಟಿ ಕಡಿಮೆ.

ಈ ಲೆಕ್ಕದಲ್ಲಿ ಮೋಸ ಸಾಮಾನ್ಯವಾಗಿ ಆಗುವುದು B ಹತ್ತಿರ. A ಹೆಚ್ಚಿಸಬೇಕಾದರೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ತಿದ್ದಬೇಕು, ಅದು ಕಷ್ಟ. B ಕಡಿಮೆ ಮಾಡಲು ಒಂದೆರಡು ಸಾಲು ಬರೆಯದೆ ಬಿಟ್ಟರೆ ಮುಗಿಯಿತು. ಆತ ಇತ್ತೀಚೆಗೆ ಪಡೆದ ಗುತ್ತಿಗೆಗಳನ್ನು ಪೋರ್ಟಲ್‌ನಲ್ಲಿ ಹುಡುಕಿ, ಘೋಷಣೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಬಿಟ್ಟುಹೋದ ಸಾಲುಗಳು ಕಾಣುತ್ತವೆ.

ಸಾಮರ್ಥ್ಯ ಮೀರಿ ಕೆಲಸ ಹಿಡಿದವನು ಏನು ಮಾಡುತ್ತಾನೆ? ಮುಂಗಡ ಪಡೆದು ಹಳೆಯ ಕೆಲಸದ ಸಾಲ ತೀರಿಸುತ್ತಾನೆ. ಬಿಲ್ ಬೇಗ ಆಗುವ ಕೊಳವೆ ಸರಬರಾಜನ್ನು ಮೊದಲು ಮುಗಿಸಿ, ತೊಡಕಿನ ನೀರೆತ್ತುವ ಜಾಕ್‌ವೆಲ್ ಬಾವಿ, ಶುದ್ಧೀಕರಣ ಘಟಕಗಳನ್ನು ಹಾಗೇ ಬಿಡುತ್ತಾನೆ. ಅಂದರೆ ಹೊರಗಿನವರು ಮಾಡುತ್ತಾರೆಂದು ಸಚಿವರು ಹೆದರಿದ್ದನ್ನೇ ಈತ ಮಾಡುವ ಸಂಭವ ಹೆಚ್ಚು. ಅರ್ಹತೆಯ ಷರತ್ತು ಇರುವುದು 42 ಹಳ್ಳಿಗಳ ರಕ್ಷಣೆಗೆ ಎಂದು ಈ ಲೆಕ್ಕವೇ ಹೇಳುತ್ತದೆ. ಉತ್ತರದಲ್ಲಿ ಇದಕ್ಕೆ ಒಂದು ವಾಕ್ಯ ಕೊಡಿ.

ಹಿತಾಸಕ್ತರು: ಯಾರನ್ನು ಮರೆಯುತ್ತೇವೆ

ಜನತೆ, ಸರ್ಕಾರ, ಸಚಿವರು, ಗುತ್ತಿಗೆದಾರ, ನಾನು, ನನ್ನ ಕುಟುಂಬ. ಈ ಪಟ್ಟಿ ಎಲ್ಲರ ಉತ್ತರದಲ್ಲೂ ಇರುತ್ತದೆ. ಹೆಸರು ಬರೆದರೆ ಸಾಲದು, ಯಾರಿಗೆ ಏನು ಹೋಗುತ್ತದೆ ಎಂದು ಬರೆಯಬೇಕು. ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಇಬ್ಬರ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲನೆಯವರು, ಬಿಡ್ ಹಾಕದೇ ಇದ್ದವರು. 9 ಕೋಟಿಯ ಅನುಭವ ಬೇಕು ಎಂಬ ಷರತ್ತು ಓದಿ, ತಮ್ಮಲ್ಲಿ ಅದಿಲ್ಲವೆಂದು ಸುಮ್ಮನಾದ ಗುತ್ತಿಗೆದಾರರು ಎಷ್ಟೋ ಮಂದಿ ಇದ್ದಾರು. ಷರತ್ತನ್ನು ಒಬ್ಬನಿಗೆ ಸಡಿಲಿಸಿದರೆ ಅನ್ಯಾಯ ಅವರೆಲ್ಲರಿಗೂ ಆಗುತ್ತದೆ. ಇದನ್ನು ಸುಪ್ರೀಂ ಕೋರ್ಟ್ 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ ವಿವರವಾಗಿ ಹೇಳಿತು. ಬೊಂಬಾಯಿ ವಿಮಾನ ನಿಲ್ದಾಣದಲ್ಲಿ ಉಪಾಹಾರ ಗೃಹ ನಡೆಸುವ ಟೆಂಡರ್. ಐದು ವರ್ಷದ ಅನುಭವವಿರುವ ನೋಂದಾಯಿತ ಎರಡನೇ ದರ್ಜೆಯ ಹೋಟೆಲ್ ನಡೆಸುವವರಾಗಿರಬೇಕೆಂದು ಪ್ರಾಧಿಕಾರವೇ ಷರತ್ತು ಹಾಕಿ, ಆ ಅರ್ಹತೆ ಇಲ್ಲದವರಿಗೆ ಗುತ್ತಿಗೆ ಕೊಟ್ಟಿತ್ತು. ತಾನೇ ಹಾಕಿದ ಅಳತೆಗೋಲಿಗೆ ಸರ್ಕಾರಿ ಸಂಸ್ಥೆ ಬದ್ಧವಾಗಿರಬೇಕು, ಇಲ್ಲವಾದರೆ ಅದು ಸಮಾನತೆಯ ಹಕ್ಕಿಗೆ ವಿರುದ್ಧ ಎಂದು ಕೋರ್ಟ್ ಹೇಳಿತು. ತಡವಾಗಿ ಬಂದದ್ದೂ ಸೇರಿದಂತೆ ಕೆಲವು ಕಾರಣಗಳಿಂದ ಅರ್ಜಿದಾರರಿಗೆ ಪರಿಹಾರ ಸಿಗಲಿಲ್ಲ, ಗುತ್ತಿಗೆಯೂ ರದ್ದಾಗಲಿಲ್ಲ. ಆದರೆ ತತ್ವ ನಿಂತಿತು. ಉತ್ತರದಲ್ಲಿ ಒಂದೇ ತೀರ್ಪು ಉಲ್ಲೇಖಿಸುವಷ್ಟು ಜಾಗವಿದ್ದರೆ ಇದನ್ನೇ ಬಳಸಿ.

ಎರಡನೆಯವರು, ನಿಮ್ಮ ಕೈಕೆಳಗಿನವರು. ತಾಂತ್ರಿಕ ಮೌಲ್ಯಮಾಪನದ ತಃಖ್ತೆಗೆ ಸಹಿ ಹಾಕಿದವರು ಕಾರ್ಯಪಾಲಕ ಇಂಜಿನಿಯರ್, ಲೆಕ್ಕಾಧಿಕಾರಿ, ಪರಿಶೀಲನಾ ಸಮಿತಿಯ ಸದಸ್ಯರು. ಸಚಿವರ ಫೋನ್ ಬಂದಾಗ ಆಯುಕ್ತರು ಮಾಡಬಹುದಾದ ಅತಿ ಸುಲಭದ, ಅತಿ ಕೆಟ್ಟ ಕೆಲಸವೆಂದರೆ ಇಂಜಿನಿಯರನ್ನು ಕೋಣೆಗೆ ಕರೆದು "ಇನ್ನೊಂದ್ಸಲ ನೋಡ್ರಿ" ಎನ್ನುವುದು. ಕಾಗದದಲ್ಲಿ ಏನೂ ಇರುವುದಿಲ್ಲ, ಆದರೆ ಒತ್ತಡ ಒಂದು ಮೆಟ್ಟಿಲು ಕೆಳಗೆ ಇಳಿದಿರುತ್ತದೆ. ತಃಖ್ತೆ ಬದಲಾದರೆ ನಾಳೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬರುವುದು, ಇಲಾಖಾ ವಿಚಾರಣೆ ಎದುರಿಸುವುದು ಆ ಇಂಜಿನಿಯರ್. ಸಚಿವರ ಮೌಖಿಕ ಸೂಚನೆಯನ್ನು ಪ್ರಶ್ನಿಸುವ ಅಧಿಕಾರಿಯೇ ತಾನು ಮೌಖಿಕ ಸೂಚನೆ ಕೊಟ್ಟರೆ ಆಡುವುದೊಂದು ಮಾಡುವುದೊಂದು ಆಯಿತು. ಹಾಗಾಗಿ ನಿಮ್ಮ ಕ್ರಮದಲ್ಲಿ ಮೊದಲ ಸಾಲು ಇದಿರಲಿ: ಸಮಿತಿಯ ವರದಿ ಇದ್ದ ಹಾಗೇ ಕಡತದಲ್ಲಿ ಉಳಿಯುತ್ತದೆ, ಮರುಪರಿಶೀಲನೆ ಬೇಕಿದ್ದರೆ ಕಾರಣ ಬರೆದು ಲಿಖಿತವಾಗಿ ಕೇಳುತ್ತೇನೆ.

ಗುತ್ತಿಗೆದಾರನೂ ಹಿತಾಸಕ್ತನೇ ಎಂಬುದು ನೆನಪಿರಲಿ. ತನ್ನನ್ನು ಏಕೆ ತಿರಸ್ಕರಿಸಿದರೆಂದು ತಿಳಿಯುವ ಹಕ್ಕು ಆತನಿಗಿದೆ. ಅಂಗೀಕಾರದ ಆದೇಶದಿಂದ ಬಾಧಿತನಾದ ಬಿಡ್‌ದಾರ 30 ದಿನದೊಳಗೆ ಮೇಲ್ಮನವಿ ಸಲ್ಲಿಸಲು ಕೆಟಿಪಿಪಿ ಕಾಯ್ದೆಯ 16ನೇ ಪ್ರಕರಣ ದಾರಿ ಕೊಡುತ್ತದೆ. ಸಚಿವರಿಗೆ ಹೇಳಬೇಕಾದ ವಿನಯದ ಉತ್ತರವೂ ಇದೇ: "ಸರ್, ಅವರಿಗೆ ಅನ್ಯಾಯ ಆಗಿದೆ ಅನ್ನಿಸಿದರೆ ಮೇಲ್ಮನವಿ ಹಾಕೋಕೆ ಅವಕಾಶ ಇದೆ."

ಆಯ್ಕೆಗಳು, ಅದರಲ್ಲೊಂದು ಬಲೆ

ಒಪ್ಪಿಕೊಂಡು ಆತನನ್ನು ಅರ್ಹನೆಂದು ಘೋಷಿಸುವುದು, ಮಾಧ್ಯಮದ ಮುಂದೆ ಹೋಗುವುದು, ರಜೆ ಹಾಕಿ ಜಾರಿಕೊಳ್ಳುವುದು. ಈ ಮೂರನ್ನು ತಲಾ ಒಂದೆರಡು ಸಾಲಿನಲ್ಲಿ ಮುಗಿಸಿ. ಮೊದಲನೆಯದು ಕಾಯ್ದೆಯ ಉಲ್ಲಂಘನೆ. ಎರಡನೆಯದು ನಡತೆ ನಿಯಮಗಳಿಗೆ ವಿರುದ್ಧ, ಜೊತೆಗೆ ಸಾಕ್ಷ್ಯವಿಲ್ಲದ ಆರೋಪ. ಮೂರನೆಯದರಲ್ಲಿ ನೀವು ಶುದ್ಧರಾಗಿ ಉಳಿಯುತ್ತೀರಿ, ಕಡತ ನಿಮ್ಮ ಜಾಗಕ್ಕೆ ಬಂದವರ ಕೈಯಲ್ಲಿ ಹಾಳಾಗುತ್ತದೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ರೀಟೆಂಡರ್ ಹತ್ತಿರ. ಅನೇಕ ಅಭ್ಯರ್ಥಿಗಳು ಇದನ್ನು ಮಧ್ಯಮ ಮಾರ್ಗವೆಂದು ಆರಿಸುತ್ತಾರೆ: ಸಚಿವರಿಗೂ ಸಿಟ್ಟಿಲ್ಲ, ನನಗೂ ಕಳಂಕವಿಲ್ಲ, ಎಲ್ಲರಿಗೂ ಹೊಸ ಅವಕಾಶ. ಸಚಿವರ ಮಾತಿನ ಕೊನೆಯ ಸಾಲನ್ನು ಮತ್ತೆ ಓದಿ. ಅವರೇ ಕೇಳಿದ್ದು ಅದನ್ನು.

ರೀಟೆಂಡರ್ ಹೇಗೆ ಪಕ್ಷಪಾತವಾಗುತ್ತದೆ ನೋಡಿ. ಎರಡನೇ ಸಲ ಟೆಂಡರ್ ಕರೆಯುವಾಗ 9 ಕೋಟಿಯ ಷರತ್ತು 5 ಕೋಟಿಗೆ ಇಳಿಯುತ್ತದೆ, "ಮುಖ್ಯ ಗುತ್ತಿಗೆದಾರನಾಗಿ" ಎಂಬ ಎರಡು ಪದ ಮಾಯವಾಗುತ್ತವೆ. ಅಥವಾ 18 ಕೋಟಿಯ ಕಾಮಗಾರಿ ಮೂರು ಪ್ಯಾಕೇಜ್ ಆಗಿ ಒಡೆಯುತ್ತದೆ, ಪ್ರತಿಯೊಂದೂ ಆತನ 11 ಕೋಟಿ ಸಾಮರ್ಥ್ಯದೊಳಗೆ ಕೂರುತ್ತದೆ. ಅಥವಾ ಬಿಡ್ ಸಲ್ಲಿಕೆಯ ಅವಧಿಯನ್ನು ಕಡಿಮೆ ಮಾಡಿ, ವಿಷಯ ಮೊದಲೇ ಗೊತ್ತಿದ್ದವನು ಮಾತ್ರ ಸಿದ್ಧನಾಗಿರುವಂತೆ ನೋಡಿಕೊಳ್ಳಲಾಗುತ್ತದೆ. ನಿಯಮದಲ್ಲಿ ಹೇಳಿದ ಕನಿಷ್ಠ ಅವಧಿಯನ್ನು ಇಳಿಸಬೇಕಾದರೆ ಟೆಂಡರ್ ಆಹ್ವಾನಿಸುವ ಪ್ರಾಧಿಕಾರಿಗಿಂತ ಮೇಲಿನವರು ಕಾರಣ ಬರೆದು ಅನುಮತಿಸಬೇಕು. ಬೇಸಿಗೆ ಎಂಬ ಕಾರಣ ಅಲ್ಲಿ ಮತ್ತೆ ಬಂದು ಕೂರುತ್ತದೆ.

ಎಲ್ಲ ಟೆಂಡರ್‌ಗಳನ್ನೂ ತಿರಸ್ಕರಿಸುವ ಅಧಿಕಾರ 14ನೇ ಪ್ರಕರಣದಲ್ಲಿದೆ ನಿಜ. ಅದು ಕಾಮಗಾರಿಯ ವ್ಯಾಪ್ತಿ ಬದಲಾದಾಗ, ನಿರೀಕ್ಷಿಸಿದ ಹಣ ಬಾರದಿದ್ದಾಗ, ನ್ಯಾಯಾಲಯದ ಆದೇಶ ಬಂದಾಗ, ಇಂಥ ಅನಿರೀಕ್ಷಿತ ಸಂದರ್ಭಗಳಿಗೆ. ಇಬ್ಬರು ಅರ್ಹ ಬಿಡ್‌ದಾರರಿದ್ದು, ಅವರ ದರ ಇನ್ನೂ ತೆರೆಯದೇ ಇರುವಾಗ ಬರೆಯಲು ಕಾರಣವೇನು? ಬರೆಯಬಹುದಾದ ಪ್ರಾಮಾಣಿಕ ಕಾರಣವೊಂದೂ ಇಲ್ಲದ ಆದೇಶಕ್ಕೆ ಸಹಿ ಹಾಕಬೇಡಿ. ಆರ್ಥಿಕ ಬಿಡ್ ತೆರೆದ ಮೇಲೆ ಅರ್ಹರ ದರ ಅಂದಾಜಿಗಿಂತ ತೀರ ಹೆಚ್ಚಿದ್ದರೆ ಆಗ ರೀಟೆಂಡರ್ ನಿಜವಾದ ಆಯ್ಕೆ. ಅದೇ ಕ್ರಮ, ಎರಡು ವಾರದ ಅಂತರದಲ್ಲಿ, ಒಮ್ಮೆ ತಪ್ಪು ಇನ್ನೊಮ್ಮೆ ಸರಿ. ಉತ್ತರದಲ್ಲಿ ಈ ವ್ಯತ್ಯಾಸ ಕಂಡರೆ, ಬರೆದವರಿಗೆ ವಿಷಯ ಗೊತ್ತಿದೆ ಎಂದು ಓದುವವರಿಗೆ ಅರಿವಾಗುತ್ತದೆ.

ಇನ್ನೊಂದು ಬಲೆ, ಸುಮ್ಮನೆ ತಡಮಾಡುವುದು. ಬಿಡ್‌ಗಳಿಗೆ ಸಿಂಧುತ್ವದ ಅವಧಿ ಇರುತ್ತದೆ. ಕಡತವನ್ನು ಮೇಜಿನ ಮೇಲೆ ಇಟ್ಟುಕೊಂಡರೆ ಆ ಅವಧಿ ತಾನಾಗಿ ಮುಗಿದು, ಯಾರೂ ಆದೇಶ ಮಾಡದೆಯೇ ರೀಟೆಂಡರ್ ಆಗಿಬಿಡುತ್ತದೆ. ಏನೂ ಮಾಡದಿರುವುದು ತಟಸ್ಥತೆ ಎಂದುಕೊಂಡವರು ಇಲ್ಲಿ ಸಚಿವರ ಕೆಲಸವನ್ನೇ ಮಾಡಿರುತ್ತಾರೆ.

ಕಡತದಲ್ಲಿ ಏನು ಬರೆಯಬೇಕು

ಅಖಿಲ ಭಾರತ ಸೇವೆಗಳ ನಡತೆ ನಿಯಮಗಳು, 1968ರ 3ನೇ ನಿಯಮ ಇಲ್ಲಿ ನಿಮ್ಮ ಆಧಾರ. ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರಬೇಕು. ಮೌಖಿಕವಾಗಿ ಕೊಡುವುದು ಅನಿವಾರ್ಯವಾದರೆ ಕೊಟ್ಟವರು ತಕ್ಷಣ ಅದನ್ನು ಲಿಖಿತವಾಗಿ ದೃಢೀಕರಿಸಬೇಕು. ಪಡೆದ ಅಧಿಕಾರಿ ಬೇಗನೆ ದೃಢೀಕರಣ ಕೇಳಬೇಕು. ಕೇಳುವುದು ನಿಮ್ಮ ಮೇಲಿನ ಕರ್ತವ್ಯ, ಧೈರ್ಯಪ್ರದರ್ಶನವಲ್ಲ. 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು: ಅಧಿಕಾರಿಗಳು ಮೌಖಿಕ ಸೂಚನೆಗಳ ಮೇಲೆ ನಡೆಯಬಾರದು, ಅಂಥ ಸೂಚನೆ ಬಂದರೆ ದಾಖಲಿಸಬೇಕು. ದಾಖಲೆಯೇ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅಡಿಯಲ್ಲಿ ನಾಗರಿಕ ಕೇಳುವುದಾದರೂ ಏನನ್ನು ಎಂಬುದೂ ಆ ತೀರ್ಪಿನ ಕಾಳಜಿಯಾಗಿತ್ತು.

ಬರೆಯುವ ಧಾಟಿ ಮುಖ್ಯ. "ಸಚಿವರು ಒತ್ತಡ ಹಾಕಿದರು" ಎಂದು ಬರೆದರೆ ಅದು ಆರೋಪ, ಸಾಬೀತು ಮಾಡುವ ಹೊರೆ ನಿಮ್ಮದು. ಹೀಗೆ ಬರೆಯಿರಿ:

"ದಿನಾಂಕ __ ರಂದು ಬೆಳಿಗ್ಗೆ __ ಗಂಟೆಗೆ ಮಾನ್ಯ ಸಚಿವರು ದೂರವಾಣಿಯಲ್ಲಿ ಸದರಿ ಟೆಂಡರ್‌ನ ತಾಂತ್ರಿಕ ಮೌಲ್ಯಮಾಪನವನ್ನು ಮರುಪರಿಶೀಲಿಸುವಂತೆ, ತಪ್ಪಿದಲ್ಲಿ ಮರುಟೆಂಡರ್ ಕರೆಯುವಂತೆ ಸೂಚಿಸಿರುವುದಾಗಿ ನಾನು ಅರ್ಥ ಮಾಡಿಕೊಂಡಿರುತ್ತೇನೆ. ಪರಿಶೀಲನಾ ಸಮಿತಿಯ ವರದಿಯಂತೆ ಸದರಿ ಬಿಡ್‌ದಾರರು ಎರಡು ಷರತ್ತುಗಳನ್ನು ಪೂರೈಸಿರುವುದಿಲ್ಲ. ಎಲ್ಲ ಟೆಂಡರ್‌ಗಳನ್ನು ತಿರಸ್ಕರಿಸಲು 14ನೇ ಪ್ರಕರಣದಡಿ ಕಾರಣಗಳು ಕಂಡುಬಂದಿರುವುದಿಲ್ಲ. ನನ್ನ ಗ್ರಹಿಕೆಯಲ್ಲಿ ವ್ಯತ್ಯಾಸವಿದ್ದಲ್ಲಿ ಲಿಖಿತವಾಗಿ ತಿಳಿಸಲು ಕೋರಿದೆ."

ಇದು ಸಚಿವರ ಕಚೇರಿಗೆ ಹೋಗಬೇಕಾದದ್ದು ಇಲಾಖೆಯ ಕಾರ್ಯದರ್ಶಿಯವರ ಮೂಲಕ. ಕಾರ್ಯದರ್ಶಿ ನಿಮ್ಮ ಮೇಲಿನವರು, ಅವರನ್ನು ದಾಟಿ ಹೋದರೆ ನೀವು ಒಬ್ಬಂಟಿಯಾಗುತ್ತೀರಿ. "ನನ್ನ ಗ್ರಹಿಕೆಯಲ್ಲಿ ವ್ಯತ್ಯಾಸವಿದ್ದಲ್ಲಿ" ಎಂಬ ಮಾತು ಸಚಿವರಿಗೆ ಗೌರವದಿಂದ ಹಿಂದೆ ಸರಿಯುವ ಬಾಗಿಲು. ತಮ್ಮ ಉದ್ದೇಶ ಕೇವಲ ಬೇಗ ಮುಗಿಸಲು ಹೇಳುವುದಾಗಿತ್ತು ಎಂದು ಉತ್ತರ ಬಂದರೆ ವಿಷಯ ಅಲ್ಲಿಗೇ ಮುಗಿಯಿತು. ಆಪ್ತ ಕಾರ್ಯದರ್ಶಿಯ ವರ್ಗಾವಣೆಯ ಮಾತನ್ನು ಕಡತಕ್ಕೆ ತರಬೇಡಿ, ಅದನ್ನು ಕಾರ್ಯದರ್ಶಿಯವರಿಗೆ ಗೋಪ್ಯ ಪತ್ರದಲ್ಲಿ ತಿಳಿಸಿ.

ಅದೇ ದಿನ ಇನ್ನೆರಡು ಕೆಲಸ. ಅರ್ಹರಾದ ಇಬ್ಬರ ಆರ್ಥಿಕ ಬಿಡ್ ತೆರೆಯುವ ದಿನಾಂಕವನ್ನು ಪೋರ್ಟಲ್‌ನಲ್ಲಿ ಪ್ರಕಟಿಸುವುದು, ಟ್ಯಾಂಕರ್ ನೀರಿನ ವ್ಯವಸ್ಥೆಗೆ ಜಿಲ್ಲಾಡಳಿತದೊಂದಿಗೆ ಸಭೆ ಕರೆಯುವುದು. ಆರ್ಥಿಕ ಬಿಡ್ ತೆರೆಯುವಾಗ ಒಂದು ಎಚ್ಚರ: ಅನರ್ಹನಾದವನ ದರವನ್ನು "ಮಾಹಿತಿಗಾಗಿ" ಎಂದೂ ತೆರೆಯಬಾರದು. ಅದು ಒಂದು ಕೋಟಿ ಕಡಿಮೆ ಎಂದು ಗೊತ್ತಾದ ದಿನ ಬೊಕ್ಕಸದ ಹಣ ಉಳಿಸದ ಅಧಿಕಾರಿ ಎಂಬ ಹೊಸ ಒತ್ತಡ ಹುಟ್ಟುತ್ತದೆ. ಇನ್ನೊಂದು, ಟೆಂಡರ್ ನಿರ್ಧಾರದ ಮೇಲೆ ಪ್ರಭಾವ ಬೀರಲು ಯತ್ನಿಸಿದರೆ ಬಿಡ್ ತಿರಸ್ಕರಿಸಬಹುದು ಎಂಬ ಷರತ್ತು ರಾಜ್ಯದ ಮಾದರಿ ಟೆಂಡರ್ ದಾಖಲೆಗಳಲ್ಲೇ ಇದೆ. ಅದನ್ನು ಇಲ್ಲಿ ಬಳಸಬೇಕಾದ ಅಗತ್ಯ ಬರುವುದಿಲ್ಲ, ಆತ ಹೇಗೂ ಅನರ್ಹ. ಕೈಯಲ್ಲಿದೆ ಎಂದು ಪ್ರತಿ ಕೋಲನ್ನೂ ಬೀಸಬೇಕಾಗಿಲ್ಲ.

ಲಿಖಿತ ಆದೇಶವೇ ಬಂದರೆ?

ಹೆಚ್ಚಿನ ಉತ್ತರಗಳು ಲಿಖಿತ ಆದೇಶ ಕೇಳುತ್ತೇನೆ ಎಂಬಲ್ಲಿಗೆ ನಿಲ್ಲುತ್ತವೆ, ಕೇಳಿದರೆ ಸಚಿವರು ಸುಮ್ಮನಾಗುತ್ತಾರೆ ಎಂಬ ನಂಬಿಕೆಯಲ್ಲಿ. ಸುಮ್ಮನಾಗದೆ ಸಹಿ ಹಾಕಿಯೇ ಕಳಿಸಿದರೆ? ಲಿಖಿತವಾದ ಮಾತ್ರಕ್ಕೆ ಕಾನೂನುಬಾಹಿರ ಆದೇಶ ಸಕ್ರಮವಾಗುವುದಿಲ್ಲ. ಶಾಸನ ನಿಮಗೆ ಕೊಟ್ಟ ನಿರ್ಧಾರವನ್ನು ಬೇರೆಯವರ ಹೇಳಿಕೆಯಂತೆ ತೆಗೆದುಕೊಂಡರೆ ನ್ಯಾಯಾಲಯದಲ್ಲಿ ಆ ನಿರ್ಧಾರವೇ ಬೀಳುತ್ತದೆ. ಆಗ ನೀವು ಮಾಡಬೇಕಾದದ್ದು, ಆದೇಶ ಯಾವ ಪ್ರಕರಣಕ್ಕೆ ವಿರುದ್ಧ ಎಂದು ತೋರಿಸಿ, ಮರುಪರಿಶೀಲನೆಗೆ ಕಾರ್ಯದರ್ಶಿ ಮತ್ತು ಮುಖ್ಯ ಕಾರ್ಯದರ್ಶಿಯವರ ಮೂಲಕ ಕಡತ ಮೇಲೆ ಕಳಿಸುವುದು. ಟೆಂಡರ್ ಇಲ್ಲದೆಯೇ ಕೆಲಸ ಕೊಡುವುದು ನಿಜಕ್ಕೂ ಸರ್ಕಾರದ ಅಭಿಪ್ರಾಯವಾದರೆ ಅದಕ್ಕೂ ಕಾಯ್ದೆಯ 4ನೇ ಪ್ರಕರಣದ (ಜಿ) ಖಂಡದಲ್ಲಿ ಬಾಗಿಲಿದೆ: ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಸಂಗ್ರಹಣೆಗೆ ವಿನಾಯಿತಿ ಕೊಡಬಹುದು. ಆ ನಿರ್ಧಾರ ಸರ್ಕಾರದ ಹೆಸರಿನಲ್ಲಿ, ಕಾರಣ ಸಮೇತ, ಎಲ್ಲರಿಗೂ ಕಾಣುವಂತೆ ಆಗಬೇಕು. ಆಯುಕ್ತರ ತಃಖ್ತೆಯೊಳಗೆ ಅಡಗಿ ಅಲ್ಲ.

ವರ್ಗಾವಣೆಯೂ ಆಗಬಹುದು. ಉತ್ತರದಲ್ಲಿ ಅದನ್ನು ಒಪ್ಪಿಕೊಂಡು ಬರೆಯಿರಿ. ಪ್ರಭಾರ ವಹಿಸಿಕೊಡುವಾಗಿನ ಟಿಪ್ಪಣಿಯಲ್ಲಿ ಈ ಟೆಂಡರ್‌ನ ಸ್ಥಿತಿಯನ್ನು ನಮೂದಿಸಿ: ಸಮಿತಿಯ ವರದಿಯ ದಿನಾಂಕ, ಅರ್ಹರು ಇಬ್ಬರು, ಆರ್ಥಿಕ ಬಿಡ್ ತೆರೆಯಲು ಪ್ರಕಟಿಸಿದ ದಿನ, ಸಿಂಧುತ್ವ ಮುಗಿಯುವ ದಿನ, ಉತ್ತರ ಬಾಕಿಯಿರುವ ಪತ್ರದ ಸಂಖ್ಯೆ. ಹೊಸ ಆಯುಕ್ತರು ಇದನ್ನು ಓದಿಲ್ಲವೆಂದು ಹೇಳುವಂತಿರಬಾರದು.

ಉತ್ತರ ಪತ್ರಿಕೆಯಲ್ಲಿ

ಇಷ್ಟನ್ನೂ 250 ಪದಕ್ಕೆ ಇಳಿಸಿದಾಗ ಕ್ರಮದ ಭಾಗ ಹೀಗೆ ಬರಬಹುದು:

"ಸಮಿತಿಯ ವರದಿಯನ್ನು ಬದಲಿಸಲು ಕೈಕೆಳಗಿನವರಿಗೆ ಮೌಖಿಕವಾಗಿ ಹೇಳುವುದಿಲ್ಲ. ಹೊರಗಿನ ಗುತ್ತಿಗೆದಾರರ ಬಗ್ಗೆ ಸಚಿವರು ವ್ಯಕ್ತಪಡಿಸಿದ ಆತಂಕವನ್ನು ಎಲ್ಲ ಬಿಡ್‌ದಾರರಿಗೂ ಅನ್ವಯವಾಗುವಂತೆ ಸಂಬಂಧಿಸಿದ ವಿಭಾಗಗಳಿಂದ ಪರಿಶೀಲಿಸುತ್ತೇನೆ. ದೂರವಾಣಿ ಸೂಚನೆಯನ್ನು ದಾಖಲಿಸಿ, ಕಾರ್ಯದರ್ಶಿಯವರ ಮೂಲಕ ಲಿಖಿತ ದೃಢೀಕರಣ ಕೋರುತ್ತೇನೆ. ಅರ್ಹ ಬಿಡ್‌ದಾರರಿರುವಾಗ ರೀಟೆಂಡರ್‌ಗೆ ಕಾನೂನುಬದ್ಧ ಕಾರಣವಿಲ್ಲ; ಅದು ಷರತ್ತು ಸಡಿಲಿಸುವ ದಾರಿಯಾಗುತ್ತದೆ. ಬಿಡ್ ಸಿಂಧುತ್ವ ಮುಗಿಯುವ ಮೊದಲೇ ಅರ್ಹರ ಆರ್ಥಿಕ ಬಿಡ್ ತೆರೆಯುತ್ತೇನೆ. ಅನರ್ಹ ಬಿಡ್‌ದಾರರಿಗೆ ಕಾರಣ ತಿಳಿಸಿ, ಮೇಲ್ಮನವಿಯ ಅವಕಾಶವನ್ನೂ ತಿಳಿಸುತ್ತೇನೆ. ಯೋಜನೆಗೆ 18 ತಿಂಗಳು ಬೇಕಾದ್ದರಿಂದ ಈ ಬೇಸಿಗೆಗೆ 42 ಹಳ್ಳಿಗಳಿಗೆ ಟ್ಯಾಂಕರ್ ಮತ್ತು ಬಾಡಿಗೆ ಕೊಳವೆಬಾವಿಯ ವ್ಯವಸ್ಥೆ ಮಾಡಿ, ವಾರಕ್ಕೊಮ್ಮೆ ಸಚಿವರಿಗೆ ವರದಿ ಕೊಡುತ್ತೇನೆ."